ಜಾಜಿಕಾಯಿ ಹಾಲು: ಚಿಟಿಕೆಗೆ ನಿದ್ದೆ, ಚಮಚಕ್ಕೆ ಆಸ್ಪತ್ರೆ

ನಿದ್ದೆ ಬರಲ್ಲ ಅಂದರೆ ನಮ್ಮ ಗಂಗಾವತಿ ಕಡೆ ಮನೆಯ ಹಿರಿಯರು ಮೊದಲು ಹೇಳುವುದೇ ಇದನ್ನು: ಬಿಸಿ ಹಾಲಿಗೆ ಒಂಚೂರು ಜಾಜಿಕಾಯಿ ತೇಯ್ದು ಹಾಕಿ ಕುಡಿ. ನಾನೂ ಬೇಡ ಅನ್ನುವುದಿಲ್ಲ. ಆದರೆ ಆ ಒಂಚೂರು ಅಂದರೆ ಎಷ್ಟು ಅನ್ನುವುದೇ ಈಗ ತುಂಬಾ ಮನೆಗಳಲ್ಲಿ ಗೊತ್ತಿಲ್ಲ. ಹಿಂದೆ ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ, ಯಾಕೆಂದರೆ ಅಳತೆಯ ಕೆಲಸವನ್ನು ಕಲ್ಲೇ ಮಾಡುತ್ತಿತ್ತು. ಗಂಧ ತೇಯುವ ಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಹಾಕಿ, ಕಾಯಿ ಹಿಡಿದು ನಾಲ್ಕೈದು ಸುತ್ತು ತಿರುಗಿಸಿದರೆ ಬರುವುದು ಬೆರಳ ತುದಿಗೆ ಅಂಟುವಷ್ಟು ಗಂಧ. ಎಷ್ಟೇ ಒತ್ತಿ ತೇಯ್ದರೂ ಅದು ಗ್ರಾಂ ಲೆಕ್ಕಕ್ಕೆ ಹೋಗಲ್ಲ. ಅದಕ್ಕೇ ಹಳೆ ಮನೆಗಳಲ್ಲಿ ಒಂದೇ ಜಾಜಿಕಾಯಿ, ಒಂದು ಮಗ್ಗುಲು ಸವೆದು ಚಪ್ಪಟೆಯಾಗಿದ್ದರೂ, ವರ್ಷಗಟ್ಟಲೆ ಡಬ್ಬಿಯಲ್ಲಿ ಇರುತ್ತಿತ್ತು.

ಈಗ ಮಿಕ್ಸಿ ಬಂದಿದೆ, ಪುಡಿಯ ಪ್ಯಾಕೆಟ್ ಬಂದಿದೆ, ಜೊತೆಗೆ ಚಮಚ. ಒಂದು ಇಡೀ ಕಾಯಿಯ ತೂಕ ಸುಮಾರು 5ರಿಂದ 7 ಗ್ರಾಂ. ಒಂದು ಸಣ್ಣ ಟೀ ಚಮಚದಲ್ಲಿ ಪುಡಿ ತುಂಬಿ ಮೇಲೆ ಸಮ ಮಾಡಿದರೆ 2 ಗ್ರಾಂ ಚಿಲ್ಲರೆ, ಗೋಪುರದ ಹಾಗೆ ತುಂಬಿದರೆ 3 ಗ್ರಾಂ ಹತ್ತಿರ. ದೊಡ್ಡವರಲ್ಲಿ ಸಾಮಾನ್ಯವಾಗಿ 5 ಗ್ರಾಂ ದಾಟಿದರೆ ವಿಷದ ಲಕ್ಷಣ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ಅದಕ್ಕಿಂತ ಕಮ್ಮಿಯಲ್ಲೂ. ಅಂದರೆ ಗೋಪುರದ ಹಾಗೆ ತುಂಬಿದ ಎರಡು ಚಮಚ ಸಾಕು. ಸಕ್ಕರೆ ಹಾಕಿಕೊಳ್ಳುವ ಹಾಗೆ ಎರಡು ಚಮಚ ಹಾಕಿಕೊಳ್ಳುವವರು ಇದ್ದಾರೆ, ಸುಮ್ನೆ ಹೇಳುತ್ತಿಲ್ಲ.

ನಮ್ಮ ಆಸ್ಪತ್ರೆಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಐವತ್ತು ದಾಟಿದವರು, ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಭತ್ತದ ಕೊಯ್ಲಿನ ಹೊತ್ತು, ಲಾರಿಗಳು ರಾತ್ರಿ ಹನ್ನೊಂದಕ್ಕೂ ಬರುತ್ತವೆ, ತೂಕದ ಚೀಟಿ ಬರೆಯುತ್ತಾ ಚಹಾದ ಮೇಲೆ ಚಹಾ. ರಜೆ ಇದ್ದ ದಿನವೂ ನಿದ್ದೆ ಹತ್ತಲ್ಲ. ಮೂರು ಜಾಜಿಕಾಯಿ ತಂದು ಮಿಕ್ಸಿಗೆ ಹಾಕಿ ಪುಡಿ ಮಾಡಿ ಬಾಟಲಿಗೆ ತುಂಬಿದ್ದಾರೆ. ರಾತ್ರಿ ಒಂಬತ್ತೂವರೆಗೆ ಒಂದು ತುಂಬಿದ ಚಮಚ ಹಾಲಿಗೆ ಹಾಕಿ ಕುಡಿದರು. ಒಂದು ಗಂಟೆ ಹೊರಳಾಡಿದರು, ಏನೂ ಆಗಲಿಲ್ಲ. ಹತ್ತೂವರೆಗೆ ಎದ್ದು ಇನ್ನೂ ಎರಡು ಚಮಚ. ಒಟ್ಟು 9 ಗ್ರಾಂ ಹತ್ತಿರ ಅಂದುಕೊಳ್ಳಿ. ಅವರ ಅಜ್ಜಿ ಕಲ್ಲಿನ ಮೇಲೆ ತೇಯ್ದು ವರ್ಷವಿಡೀ ಖರ್ಚು ಮಾಡದಷ್ಟನ್ನು ಇವರು ಒಂದೇ ರಾತ್ರಿ ಕುಡಿದಿದ್ದರು.

ಎಡವಟ್ಟಾಗಿದ್ದು ಆ ಎರಡನೇ ಲೋಟದಲ್ಲಿ. ಜಾಜಿಕಾಯಿ ಬೇಗ ಕೆಲಸ ಮಾಡುವ ವಸ್ತು ಅಲ್ಲ. ಅದರ ಎಣ್ಣೆಯಲ್ಲಿ ಮಿರಿಸ್ಟಿಸಿನ್, ಎಲೆಮಿಸಿನ್ ಅನ್ನುವ ವಸ್ತುಗಳಿವೆ, ಮೂಗಿಗೆ ಬಡಿಯುವ ಆ ಘಮದಲ್ಲೂ ಇವುಗಳ ಪಾಲಿದೆ, ಜಾಸ್ತಿಯಾದಾಗ ತಲೆ ಕೆಡಿಸುವುದೂ ಇವೇ. ಇವು ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ತವೆ, ಹೊಟ್ಟೆಯಿಂದ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತವೆ, ಆಮೇಲೆ ಲಿವರ್‌ನಲ್ಲಿ ರೂಪ ಬದಲಿಸುತ್ತವೆ. ಹಾಗಾಗಿ ಜೋರು ಪರಿಣಾಮ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಆರು ಗಂಟೆ ಬೇಕು. ಮನುಷ್ಯನಿಗೆ ಅಷ್ಟು ತಾಳ್ಮೆ ಎಲ್ಲಿರುತ್ತದೆ, ಅದೂ ನಿದ್ದೆಗೆಟ್ಟಾಗ? ಅರ್ಧ ಗಂಟೆಗೆ ಕಣ್ಣು ಮುಚ್ಚದಿದ್ದರೆ ಕಮ್ಮಿ ಆಯ್ತು ಅಂದುಕೊಂಡು ಇನ್ನಷ್ಟು ಹಾಕಿಕೊಳ್ಳುತ್ತಾರೆ, ಮೊದಲಿನದು ಇನ್ನೂ ದಾರಿಯಲ್ಲೇ ಇರುತ್ತದೆ.

ರಾತ್ರಿ ಎರಡಕ್ಕೆ ಅವರಿಗೆ ಎಚ್ಚರ. ಬಾಯಿ ಪೂರ್ತಿ ಒಣಗಿತ್ತು, ಎಷ್ಟು ನೀರು ಕುಡಿದರೂ ಹೋಗಲ್ಲ. ಒಂದು ಸಲ ವಾಂತಿ. ಎದೆ ಹೊಡೆದುಕೊಳ್ಳಲು ಶುರು. ಆಮೇಲೆ ಗೋಡೆಯ ಹತ್ತಿರ ಯಾರೋ ಚೀಲ ಎಣಿಸುತ್ತಿದ್ದಾರೆ ಅನ್ನತೊಡಗಿದರು. ಮನೆಯವರು ಹೆದರದೆ ಇರುತ್ತಾರಾ? ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದರಂತೆ, ಮಗ ಹಾರ್ಟ್ ಅಟ್ಯಾಕ್ ಅಂದುಕೊಂಡು ಆಟೋದಲ್ಲಿ ಹಾಕಿಕೊಂಡು ಬಂದ. ಮೂರೂವರೆ ಆಗಿತ್ತು.

ನನ್ನ ಕೈ ಹಿಡಿದು ಕೇಳಿದ ಮೊದಲ ಮಾತು, "ಸರ, ನಾ ಸಾಯ್ತೀನೇನ್ರಿ?" ಇದನ್ನು ಬರೀ ಅಂಜಿಕೆ ಅಂದುಕೊಳ್ಳಬೇಡಿ. ಈಗಲೇ ಜೀವ ಹೋಗುತ್ತದೆ ಅನ್ನುವ ಭಯ ಜಾಜಿಕಾಯಿ ವಿಷದಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣ. ನಾಡಿ 126, ಬಿಪಿ ಸ್ವಲ್ಪ ಮೇಲೆ, ಮುಖ ಕೆಂಪು. ಇಸಿಜಿಯಲ್ಲಿ ಬಡಿತ ಜೋರು ಅನ್ನುವುದು ಬಿಟ್ಟರೆ ಬೇರೇನೂ ಇಲ್ಲ. ಶುಗರ್ ಸರಿ ಇತ್ತು, ಕುಡಿದ ವಾಸನೆ ಇಲ್ಲ.

ನನಗೆ ಮೊದಲು ಬಂದ ಅನುಮಾನ ದತ್ತೂರಿ. ಅದನ್ನು ಗೊತ್ತಿಲ್ಲದೆ ತಿಂದರೂ ಹೀಗೇ ಬಾಯಿ ಒಣಗುತ್ತದೆ, ಎದೆ ಹೊಡೆಯುತ್ತದೆ, ಇಲ್ಲದವರು ಕಾಣುತ್ತಾರೆ. ಆದರೆ ದತ್ತೂರಿಯಲ್ಲಿ ಕಣ್ಣಿನ ಪಾಪೆ ದೊಡ್ಡದಾಗಿ ಅರಳಿರುತ್ತದೆ, ಟಾರ್ಚ್ ಬಿಟ್ಟರೂ ಸರಿಯಾಗಿ ಕುಗ್ಗಲ್ಲ. ಇವರ ಪಾಪೆ ಮಾಮೂಲಿಯಾಗಿತ್ತು, ಬೆಳಕಿಗೆ ಕುಗ್ಗಿತು. ಜ್ವರ ಇಲ್ಲ. ಇನ್ನೊಂದು ವಿಷಯ ಗಮನ ಸೆಳೆಯಿತು. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ಸರಿಯಾಗಿ ಉತ್ತರ ಕೊಡುತ್ತಾರೆ, ಎರಡು ನಿಮಿಷಕ್ಕೆ ಮಂಪರು, ಮತ್ತೆ ಧಿಗ್ಗನೆ ಎದ್ದು ಒದ್ದಾಟ. ಹೀಗೆ ಮಂಪರು, ಗಾಬರಿ, ಮತ್ತೆ ಮಂಪರು ಅಂತ ತಿರುಗುವುದು ಜಾಜಿಕಾಯಿಯಲ್ಲಿ ತುಂಬಾ ಕಾಣುತ್ತದೆ. ಪಾಪೆ ಒಂದನ್ನೇ ನಂಬಿ ತೀರ್ಮಾನ ಮಾಡಲು ಆಗಲ್ಲ ಅನ್ನುವುದನ್ನೂ ಹೇಳಬೇಕು, ಜಾಜಿಕಾಯಿ ತಿಂದ ಕೆಲವರಲ್ಲಿ ಅದೂ ಅರಳಿರುತ್ತದೆ.

ರಾತ್ರಿ ಏನು ತಿಂದರು, ಏನು ಕುಡಿದರು ಅಂತ ಮೂರು ಸಲ ಕೇಳಿದೆ. ರೊಟ್ಟಿ, ಪಲ್ಯ, ಹಾಲು. ಹಾಲಿಗೆ ಏನು ಹಾಕಿದ್ದರು ಅಂತ ಕೇಳಿದಾಗಲೇ ಅವರ ಹೆಂಡತಿ, "ಜಾಜಿಕಾಯಿ ಪುಡಿ ರೀ, ನಿದ್ದಿ ಬರ್ಲಿಲ್ಲಂತ ಆಮ್ಯಾಲೆ ಮತ್ತ್ ಎರಡು ಚಮಚ ಹಾಕ್ಕೊಂಡ್ರು" ಅಂದರು. ಅದು ಔಷಧಿ ಅಂತಲೇ ಅವರಿಗೆ ಅನ್ನಿಸಿರಲಿಲ್ಲ, ಅಡುಗೆ ಮನೆಯ ಸಾಮಾನು ಅಲ್ವಾ. ಮಗ ಮನೆಗೆ ಹೋಗಿ ಬಾಟಲಿ, ಲೋಟ ಎರಡನ್ನೂ ತಂದ. ಲೋಟದ ತಳದಲ್ಲಿ ಕಂದು ಬಣ್ಣದ ಗಸಿ ಒಣಗಿ ಅಂಟಿತ್ತು, ಬೆರಳಿನಲ್ಲಿ ಉಜ್ಜಿದರೆ ಮರಳಿನ ಹಾಗೆ ತರಿ ತರಿ, ಮೂಗಿಗೆ ಹಿಡಿದರೆ ಬೇರೆ ಪರೀಕ್ಷೆಯೇ ಬೇಡ. ಪರೀಕ್ಷೆ ಇಲ್ಲ ಅನ್ನುವುದೂ ನಿಜ. ಆಸ್ಪತ್ರೆಗಳಲ್ಲಿ ಮಾಮೂಲಿ ಮಾಡುವ ಮೂತ್ರದ ಡ್ರಗ್ ಟೆಸ್ಟ್‌ನಲ್ಲಿ ಜಾಜಿಕಾಯಿ ಸಿಗಲ್ಲ. ಮನೆಯವರು ಬಾಯಿ ಬಿಟ್ಟರೆ ಮಾತ್ರ ಗೊತ್ತಾಗುವುದು.

ಇದಕ್ಕೆ ಪ್ರತ್ಯೇಕ ಪ್ರತಿವಿಷ ಇಲ್ಲ. ತಿಂದು ಒಂದು ಗಂಟೆಯೊಳಗೆ ಬಂದಿದ್ದರೆ ಇದ್ದಿಲಿನ ಪುಡಿಯ ಔಷಧಿ, ಅಂದರೆ ಆಕ್ಟಿವೇಟೆಡ್ ಚಾರ್‌ಕೋಲ್, ಕೊಡುವ ಯೋಚನೆ ಮಾಡಬಹುದಿತ್ತು. ಇವರು ಬಂದಾಗ ಐದಾರು ಗಂಟೆ ಆಗಿತ್ತು, ಮೇಲೆ ಮಂಪರು ಬೇರೆ. ಅಂಥವರ ಬಾಯಿಗೆ ಏನು ಸುರಿದರೂ ಶ್ವಾಸಕ್ಕೆ ಹೋಗುವ ಅಪಾಯ. ಹಾಗಾಗಿ ಗ್ಲೂಕೋಸ್ ಬಾಟಲಿ ಅಂತ ಜನ ಕರೆಯುವ ಸಲೈನ್ ಹಾಕಿ, ಗಾಬರಿ ಇಳಿಯಲು ಲೋರಾಜೆಪಾಮ್ ಇಂಜೆಕ್ಷನ್ ಕೊಟ್ಟು, ಮಾನಿಟರ್ ಹಚ್ಚಿ, ಬೆಳಕು ಕಮ್ಮಿ ಇರುವ ಕಡೆ ಮಲಗಿಸಿದೆವು. ಮೂತ್ರ ಕಟ್ಟಿಕೊಳ್ಳಬಹುದು ಅಂತ ಅದನ್ನೂ ನೋಡಿಕೊಂಡೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ನಾಡಿ ನೂರರ ಒಳಗೆ ಬಂತು. ಬಾಯಿ ಒಣಗುವುದು, ತಲೆ ಭಾರ, ನಡೆದರೆ ತೂರಾಡುವುದು ಅದರ ಮರುದಿನದವರೆಗೂ ಇತ್ತು. ಸಾಮಾನ್ಯವಾಗಿ ಒಂದರಿಂದ ಎರಡು ದಿನದಲ್ಲಿ ಇಳಿಯುತ್ತದೆ, ಕೆಲವರಿಗೆ ಮೂರು ದಿನ ಹಿಡಿಯುತ್ತದೆ. ಬರೀ ಜಾಜಿಕಾಯಿಯಿಂದ ದೊಡ್ಡವರು ಸಾಯುವುದು ತೀರಾ ಅಪರೂಪ. ಆದರೆ ಹೆಂಡ, ನಿದ್ದೆ ಮಾತ್ರೆ ಜೊತೆಗೆ ಸೇರಿದರೆ, ಅಥವಾ ಹೃದಯದ ಕಾಯಿಲೆ ಇದ್ದರೆ, ನಾನು ಹಾಗೆ ಧೈರ್ಯ ಹೇಳಲಾರೆ.

ಹಾಗಾದರೆ ಚಿಟಿಕೆ ಜಾಜಿಕಾಯಿ ನಿಜವಾಗಿ ನಿದ್ದೆ ತರುತ್ತದಾ? ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಮಂಪರು ಹೆಚ್ಚಿದ್ದು ಕಂಡಿದೆ, ಮನುಷ್ಯರಲ್ಲಿ ಗಟ್ಟಿ ಪುರಾವೆ ಕಮ್ಮಿ. ಹೊಟ್ಟೆಗೆ ಬೆಚ್ಚಗೆ ಹಾಲು ಬಿದ್ದು, ಫೋನ್ ಪಕ್ಕಕ್ಕಿಟ್ಟು ಮಲಗಿದ್ದಕ್ಕೇ ಅರ್ಧ ನಿದ್ದೆ ಬಂದಿರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕುಡಿಯುವವರು ಕುಡಿಯಿರಿ, ಆದರೆ ಅಳತೆ ಎರಡು ಬೆರಳ ನಡುವಿನ ಚಿಟಿಕೆ, ಅಷ್ಟೇ. ಕಲ್ಲಿದ್ದರೆ ಕಲ್ಲಿನ ಮೇಲೆ ನಾಲ್ಕು ಸುತ್ತು. ನಿದ್ದೆ ಬರಲಿಲ್ಲ ಅಂದರೆ ಆ ರಾತ್ರಿ ಇನ್ನೊಂದು ಸಲ ಹಾಕಿಕೊಳ್ಳುವಂತಿಲ್ಲ. ಜಾಪತ್ರೆಯಲ್ಲೂ ಇವೇ ವಸ್ತುಗಳಿವೆ, ಹಾಗಾಗಿ ಅದನ್ನೂ ಸೇರಿಸಿ ಡಬಲ್ ಮಾಡಬೇಡಿ. ಬಸುರಿಯರು ಅಡುಗೆಯ ಮಸಾಲೆಯಲ್ಲಿ ಬರುವಷ್ಟನ್ನು ಬಿಟ್ಟು ಔಷಧಿ ಅಂತ ತಗೊಳ್ಳುವುದು ಬೇಡ. ನಿದ್ದೆಗೆ, ಖಿನ್ನತೆಗೆ ಮಾತ್ರೆ ನುಂಗುತ್ತಿರುವವರಿಗೂ ಬೇಡ.

ಕೂಸುಗಳ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಡಸಾಗಿಯೇ ಹೇಳುತ್ತೇನೆ. ಕೂಸು ರಾತ್ರಿ ಅತ್ತರೆ ಅಜ್ಜಿಯರು ಬಜೆ, ಜಾಜಿಕಾಯಿ ತೇಯ್ದು ನಾಲಿಗೆಗೆ ಹಚ್ಚುವುದು ನಮ್ಮಲ್ಲಿ ಇದೆ. ಆ ಅಜ್ಜಿಗೆ ಎರಡೇ ಸುತ್ತು ಅನ್ನುವುದು ಗೊತ್ತಿತ್ತು. ಆ ಅಜ್ಜಿ ಇಲ್ಲದ ಮನೆಯಲ್ಲಿ ಪುಡಿಯನ್ನು ಹಾಲಿಗೆ ಕಲಸಿ ಕುಡಿಸಿದರೆ, ನಾಲ್ಕು ಕಿಲೋ ತೂಕದ ಕೂಸಿಗೆ ಕಾಲು ಚಮಚವೂ ದೊಡ್ಡ ಪ್ರಮಾಣ. ಕೂಸು ಮಲಗಿತು ಅಂತ ಖುಷಿಪಡುತ್ತಾರೆ, ಎಬ್ಬಿಸಿದರೂ ಏಳದಿದ್ದಾಗ ಓಡಿ ಬರುತ್ತಾರೆ. ಅಳುವ ಕೂಸಿಗೆ ಜಾಜಿಕಾಯಿ ಬೇಡವೇ ಬೇಡ.

ಯಾರಾದರೂ ಜಾಸ್ತಿ ತಗೊಂಡಿದ್ದು ಗೊತ್ತಾದರೆ, ಇನ್ನೂ ಏನೂ ಆಗಿಲ್ಲ, ಚೆನ್ನಾಗೇ ಇದ್ದಾರೆ ಅಂತ ಸುಮ್ಮನಿರಬೇಡಿ, ಲಕ್ಷಣ ಬರುವುದೇ ತಡ. ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಜ್ಜಿಗೆ, ನಿಂಬೆಹಣ್ಣು ಅಂತ ಮಂಪರಿನಲ್ಲಿರುವವರ ಬಾಯಿಗೆ ಸುರಿಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರನ್ನೇ ಬಿಡದೆ 108ಕ್ಕೆ ಫೋನ್ ಮಾಡಿ. ಬರುವಾಗ ಪುಡಿಯ ಬಾಟಲಿ ತನ್ನಿ, ಎಷ್ಟು ಚಮಚ, ಎಷ್ಟು ಗಂಟೆಗೆ, ಬೇರೆ ಯಾವ ಮಾತ್ರೆ ನುಂಗಿದ್ದರು ಅನ್ನುವುದನ್ನು ಡಾಕ್ಟರ್ ಕೇಳುವ ಮೊದಲೇ ಹೇಳಿ.

ಆ ಗುಮಾಸ್ತರ ನಿದ್ದೆಯ ವಿಚಾರ ಆಮೇಲೆ ಕೂತು ಮಾತಾಡಿದೆವು. ರಾತ್ರಿ ಎಂಟರಿಂದ ಹನ್ನೊಂದರೊಳಗೆ ಐದು ಕಪ್ ಚಹಾ ಆಗುತ್ತಿತ್ತು. ಸಂಜೆ ಆರರ ಮೇಲೆ ಚಹಾ ಬಿಡಿ, ರಜೆಯ ದಿನ ಹಗಲು ಮಲಗಬೇಡಿ, ಎರಡು ವಾರ ನೋಡೋಣ ಅಂದೆ. ಚಹಾ ಬಿಡೋದು ಕಷ್ಟ ಸರ, ಜಾಜಿಕಾಯಿ ಬಿಡೋದು ಸಲೀಸು ಅಂದರು.