ಸಮ್ಮರಿ ಶೀಟಿನಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳುವ ಬಗೆ

ಎರಡನೇ ಪಿಯು ವಿಜ್ಞಾನದ ಮಕ್ಕಳಿಂದ ಪರೀಕ್ಷೆ ಹತ್ತಿರ ಬಂದಾಗ ಕಲಬುರಗಿಯ ರಸಾಯನಶಾಸ್ತ್ರ ಮೇಷ್ಟ್ರ ಫೋನಿಗೆ ಬರುವ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ: “ನಮಸ್ಕಾರ ಸರ್, ಎಲೆಕ್ಟ್ರೋಕೆಮಿಸ್ಟ್ರಿದು ಸಮ್ಮರಿ ಶೀಟ್ ಮಾಡೀನ್ರಿ. ಒಮ್ಮೆ ನೋಡಿ ಏನರ ಬಿಟ್ಟಿದ್ರ ಹೇಳ್ರಿ.” ಜೊತೆಗೆ ಎರಡು ಪುಟದ ಫೋಟೊ. ವಿನಯ ಇದೆ, ಶ್ರಮವೂ ಇದೆ. ಆದರೂ ಇದಕ್ಕೆ ಉಪಯೋಗಕ್ಕೆ ಬರುವ ಉತ್ತರ ಕೊಡುವುದು ಕಷ್ಟ. ಹಾಳೆ ಪುಸ್ತಕ ತೆರೆದಿಟ್ಟು ಬರೆದದ್ದೋ ಮುಚ್ಚಿಟ್ಟು ಬರೆದದ್ದೋ ಗೊತ್ತಾಗುವುದಿಲ್ಲ. ತೆರೆದಿಟ್ಟು ಬರೆದಿದ್ದರೆ ಅದರಲ್ಲಿ ತಪ್ಪು ಸಿಗುವುದೇ ಅಪರೂಪ, ಏಕೆಂದರೆ ಅಲ್ಲಿರುವುದು ಪುಸ್ತಕದ ತಿಳಿವಳಿಕೆ. ಬಿಟ್ಟುಹೋದದ್ದು ಹಾಳೆಯ ಮೇಲೆ ಕಾಣುವುದಿಲ್ಲ, ಲೆಕ್ಕ ಮಾಡುವಾಗ ಕಾಣುತ್ತದೆ.

ನರ್ನ್ಸ್ಟ್ ಸಮೀಕರಣವನ್ನೇ ತೆಗೆದುಕೊಳ್ಳೋಣ. ಹೆಚ್ಚಿನ ಹಾಳೆಗಳಲ್ಲಿ ಅದು ಒಂದೇ ಸಾಲಿನಲ್ಲಿರುತ್ತದೆ:

```
E = E° − (0.059/n) log [ಉತ್ಪನ್ನ]/[ಪ್ರತಿಕಾರಕ]
```

ಕೆಳಗೆ ಡೇನಿಯಲ್ ಕೋಶದ ಚಿತ್ರ, ಪಕ್ಕದಲ್ಲಿ 1.10 V. ನೋಡಿದರೆ ಸರಿಯಾಗಿಯೇ ಇದೆ. ಮೇಷ್ಟ್ರು ಟಿಕ್ ಹಾಕಿ ಕಳಿಸಿದರೆ ಮಗು ನಿಶ್ಚಿಂತೆಯಿಂದ ಪರೀಕ್ಷೆಗೆ ಹೋಗಿ ಅಲ್ಲಿ ಎಡವುತ್ತದೆ. ಅದರ ಬದಲು, “ಈ ಹಾಳೆಯೊಂದನ್ನೇ ಇಟ್ಟುಕೊಂಡು ಒಂದು ಲೆಕ್ಕ ಮಾಡು” ಎಂದು ಕೇಳಬೇಕು. ತಾಮ್ರ ಮತ್ತು ಬೆಳ್ಳಿಯ ಕೋಶ ಕೊಡಿ. Cu²⁺ ಸಾರತೆ 0.1 M, Ag⁺ ಸಾರತೆ 0.01 M. ಬೆಳ್ಳಿಯ ಪ್ರಮಾಣಿತ ವಿಭವ 0.80 V, ತಾಮ್ರದ್ದು 0.34 V, ಆದ್ದರಿಂದ E° 0.46 V.

ಹಾಳೆಯಲ್ಲಿ ಬರೆದಂತೆಯೇ ಹೋದವರು ಲಾಗ್ ಒಳಗೆ 0.1 ಭಾಗಿಸು 0.01, ಅಂದರೆ 10 ಎಂದು ಇಡುತ್ತಾರೆ. ಲಾಗ್ 1 ಆಗಿ ಉತ್ತರ 0.4305 V ಬರುತ್ತದೆ. ಸರಿ ಉತ್ತರ ಬೇರೆ. ಕ್ರಿಯೆಯನ್ನು ಸಮತೋಲನ ಮಾಡಿ ಬರೆದರೆ ಒಂದು ತಾಮ್ರಕ್ಕೆ ಎರಡು ಬೆಳ್ಳಿ ಅಯಾನು ಬೇಕು:

```
Cu + 2Ag⁺ → Cu²⁺ + 2Ag
Q = [Cu²⁺]/[Ag⁺]² = 0.1/(0.01)² = 1000
E = 0.46 − (0.059/2) × 3 = 0.3715 V
```

ಆ 2 ಎಂಬ ಗುಣಾಂಕ ಲಾಗ್ ಒಳಗೆ ಘಾತವಾಗಿ ಹೋಗಬೇಕು ಎಂಬುದೇ ಹಾಳೆಯಲ್ಲಿ ಇಲ್ಲದ ಮಾತು. ಡೇನಿಯಲ್ ಕೋಶದಲ್ಲಿ ಸತುವಿಗೂ ತಾಮ್ರಕ್ಕೂ ಗುಣಾಂಕ 1, ಹೀಗಾಗಿ ಅಲ್ಲಿ ಈ ಕೊರತೆ ಎಂದೂ ಸಿಕ್ಕಿಬೀಳುವುದಿಲ್ಲ. ಸಮ್ಮರಿ ಮಾಡುವವರು ಅತಿ ಸುಲಭದ ಉದಾಹರಣೆಯನ್ನೇ ಹಾಳೆಗೆ ಆರಿಸಿಕೊಳ್ಳುತ್ತಾರೆ. ಉದಾಹರಣೆ ಸುಲಭವಾದಷ್ಟೂ ನಿಯಮದ ಅರ್ಧ ಭಾಗ ಅದರೊಳಗೆ ಅಡಗಿ ಕೂರುತ್ತದೆ. ನನ್ನ ಮಟ್ಟಿಗೆ ಹಾಳೆಯಲ್ಲಿ ಡೇನಿಯಲ್ ಬದಲು ಈ ತಾಮ್ರ-ಬೆಳ್ಳಿ ಕೋಶವೇ ಇರಬೇಕು.

ಇದೇ ಲೆಕ್ಕದಲ್ಲಿ ಇನ್ನೊಂದು ಪ್ರಶ್ನೆ ಕೇಳಬಹುದು: ಘನ ತಾಮ್ರ, ಘನ ಬೆಳ್ಳಿ ಎಲ್ಲಿ ಹೋದವು? “ಬರೆಯಂಗಿಲ್ರಿ ಸರ್” ಎಂಬ ಉತ್ತರ ಬಂದರೆ ಅದು ನೆನಪು ಮಾತ್ರ. ಶುದ್ಧ ಘನದ ಕ್ರಿಯಾಶೀಲತೆಯನ್ನು 1 ಎಂದು ತೆಗೆದುಕೊಳ್ಳುತ್ತೇವೆ, 1 ರಿಂದ ಗುಣಿಸಿದರೆ ಬೆಲೆ ಬದಲಾಗದು, ಅದಕ್ಕೇ ಬರೆಯುವುದಿಲ್ಲ. ಈ ಕಾರಣ ಗೊತ್ತಿದ್ದವರು ಹೈಡ್ರೋಜನ್ ವಿದ್ಯುದಗ್ರ ಬಂದಾಗ ಅನಿಲವನ್ನೂ ಹಾಗೆಯೇ ಬಿಟ್ಟುಬಿಡುವುದಿಲ್ಲ, ಅದರ ಒತ್ತಡವನ್ನು ಇಡುತ್ತಾರೆ.

ಮೂರನೆಯದು 0.059. ಇದು 2.303RT/F ಎಂಬುದಕ್ಕೆ 298 K, ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರುವ ಬೆಲೆ. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಪ್ರಯೋಗಾಲಯ 40 ಡಿಗ್ರಿ ಮುಟ್ಟಿದರೆ, ಅಂದರೆ 313 K ಆದರೆ, ಅದೇ ಪದ ಸುಮಾರು 0.062 ಆಗುತ್ತದೆ. ಹಾಳೆಯಲ್ಲಿ 0.059ರ ಪಕ್ಕ 298 K ಎಂದು ಬರೆಯದಿದ್ದರೆ, ಪ್ರಶ್ನೆಯಲ್ಲಿ ಬೇರೆ ತಾಪ ಕೊಟ್ಟಾಗಲೂ ಕೈ ಅದೇ ಸಂಖ್ಯೆಯನ್ನು ಬರೆಯುತ್ತದೆ.

ಲಾಗ್ ತಲೆಕೆಳಗಾಯಿತೇ ಎಂದು ತಿಳಿಯಲು ಪುಸ್ತಕ ಬೇಕಿಲ್ಲ. ಡೇನಿಯಲ್ ಕೋಶದಲ್ಲಿ Zn²⁺ 1 M, Cu²⁺ 0.01 M ಇದ್ದರೆ ಸರಿ ಉತ್ತರ 1.041 V. ತಿರುಗಿಸಿ ಇಟ್ಟರೆ 1.159 V ಬರುತ್ತದೆ. ತಾಮ್ರದ ಅಯಾನು ಇಲ್ಲಿ ಪ್ರತಿಕಾರಕ. ಅದನ್ನು ಕಡಿಮೆ ಮಾಡಿದಾಗ ಮುಂದಿನ ದಿಕ್ಕಿನ ಒತ್ತಾಸೆ ತಗ್ಗಬೇಕು, ವೋಲ್ಟೇಜ್ 1.10ಕ್ಕಿಂತ ಕೆಳಗಿಳಿಯಬೇಕು. ಏರಿದರೆ ಅಂಶ ಮತ್ತು ಛೇದ ಅದಲುಬದಲಾಗಿವೆ.

ಇದೇ ಅಧ್ಯಾಯದಲ್ಲಿ ಹಾಳೆಯ ಮೇಲೆ ನೇರವಾಗಿ ತಪ್ಪಾಗಿ ಕಾಣುವ ಸಾಲೊಂದಿದೆ: “ದುರ್ಬಲಗೊಳಿಸಿದರೆ ವಾಹಕತೆ ಹೆಚ್ಚುತ್ತದೆ.” ಯಾವ ವಾಹಕತೆ? ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ 25 ಡಿಗ್ರಿಯಲ್ಲಿ 0.1 M ಇದ್ದಾಗ ವಾಹಕತೆ ಸುಮಾರು 0.0129 S cm⁻¹, 0.01 M ಆದಾಗ 0.00141. ಹತ್ತಿರ ಹತ್ತಿರ ಒಂಬತ್ತರ ಒಂದು ಪಾಲಿಗೆ ಇಳಿಯಿತು. 1000ದಿಂದ ಗುಣಿಸಿ ಸಾರತೆಯಿಂದ ಭಾಗಿಸಿದರೆ ಸಿಗುವ ಮೋಲಾರ್ ವಾಹಕತೆ ಮಾತ್ರ 129ರಿಂದ 141ಕ್ಕೆ ಏರಿತು. ಮೊದಲನೆಯದು ಒಂದು ಘನ ಸೆಂಟಿಮೀಟರ್ ದ್ರಾವಣದಲ್ಲಿರುವ ಅಯಾನುಗಳ ಮಾತು, ನೀರು ಸೇರಿದಂತೆ ಅವು ವಿರಳವಾಗುತ್ತವೆ. ಎರಡನೆಯದು ಒಂದು ಮೋಲ್ ಲವಣ ಅಡಗಿರುವ ಇಡೀ ದ್ರಾವಣದ ಮಾತು. ಅಲ್ಲಿ ಅಯಾನುಗಳ ಲೆಕ್ಕ ಅಷ್ಟೇ ಉಳಿದು, ಪರಸ್ಪರ ಎಳೆತ ಕಡಿಮೆಯಾಗಿ ಓಡಾಟ ಸಲೀಸಾಗುತ್ತದೆ. ಹಾಳೆಯಲ್ಲಿ ಈ ನಾಲ್ಕು ಸಂಖ್ಯೆಗಳನ್ನು ಬರೆದುಕೊಂಡರೆ ಸಾಲು ತಾನೇ ಸರಿಹೋಗುತ್ತದೆ.

ಈಗ ಸಂದೇಶಕ್ಕೆ ಬರೋಣ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುನಲ್ಲಿ ಇಂಗ್ಲಿಷಿಗೆ ಬಂದ ಮಕ್ಕಳು ಚಿತ್ತಾಪುರ, ಆಳಂದ, ಯಾದಗಿರಿ ಕಡೆಯಿಂದ ಬಹಳ ಬರುತ್ತಾರೆ. ಅವರು ಇಂಗ್ಲಿಷ್ ವಾಕ್ಯವನ್ನು ಹಾಗೆಯೇ ಇಳಿಸಿಕೊಳ್ಳುವುದಕ್ಕಿಂತ ಕನ್ನಡದಲ್ಲಿ ಕಾರಣ ಬರೆದು ಪದ ಮಾತ್ರ ಇಂಗ್ಲಿಷ್ ಇಟ್ಟರೆ ಮೇಷ್ಟ್ರಿಗೆ ಕೊರತೆ ಬೇಗ ಕಾಣುತ್ತದೆ. ಹಾಳೆಯನ್ನು ಪುಸ್ತಕ ಮುಚ್ಚಿ ನೀಲಿ ಶಾಯಿಯಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಸೇರಿಸಿದ್ದನ್ನು ಕೆಂಪಿನಲ್ಲಿ. ಖಾತ್ರಿ ಇಲ್ಲದ ಸಾಲಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ. ಸಾಲುಗಳಿಗೆ ಸಂಖ್ಯೆ ಹಾಕಿದರೆ ಉತ್ತರಿಸುವವರಿಗೆ “ಏಳನೇ ಸಾಲು” ಎಂದರೆ ಸಾಕಾಗುತ್ತದೆ. ವಾಟ್ಸ್ಯಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಘಾತದ 2 ಓದಲು ಬಾರದು. ಡಾಕ್ಯುಮೆಂಟ್ ಆಗಿ ಕಳಿಸಿ.

ಆಗ ಸಂದೇಶ ಹೀಗಾಗುತ್ತದೆ: “ನಮಸ್ಕಾರ ಸರ್. ಎಲೆಕ್ಟ್ರೋಕೆಮಿಸ್ಟ್ರಿ ಹಾಳೆ ಕಳಿಸೀನ್ರಿ, ಎರಡು ಪುಟ. ನೀಲಿದು ಪುಸ್ತಕ ಮುಚ್ಚಿ ಬರೆದದ್ದು, ಕೆಂಪುದು ಆಮ್ಯಾಲ ಸೇರಿಸಿದ್ದು. ಏಳನೇ ಸಾಲಿನ್ಯಾಗ n ಅಂದ್ರ ಎಲೆಕ್ಟ್ರಾನ್ ಸಂಖ್ಯೆ ಅಂತ ಗೊತ್ತದ, ಆದ್ರ ಲಾಗ್ ಒಳಗಿನ ಘಾತ ಎಲ್ಲಿಂದ ಬಂತು ತಿಳಿವಲ್ದು. ಹನ್ನೆರಡನೇ ಸಾಲು ಸರಿ ಅದ ಅಂತ ಅನಸ್ತದ, ಆದ್ರ ಲೆಕ್ಕ ಮಾಡಿ ನೋಡಿಲ್ರಿ. ಈ ಹಾಳೆಯಿಂದ ಆಗಲಾರದ ಒಂದು ಲೆಕ್ಕ ಕೊಡ್ರಿ.”

ಕೊನೆಯ ವಾಕ್ಯ ಎಲ್ಲಕ್ಕಿಂತ ಮುಖ್ಯ. ಉತ್ತರಿಸುವ ಮೇಷ್ಟ್ರು ಬಿಟ್ಟದ್ದನ್ನು ತಾವೇ ತುಂಬಿಕೊಡಬಾರದು. ಸಾಲಿನ ಸಂಖ್ಯೆ ಮತ್ತು ಲೆಕ್ಕ ಮಾತ್ರ ಕೊಡಬೇಕು: “ಏಳಕ್ಕೆ ತಾಮ್ರ-ಬೆಳ್ಳಿ ಕೋಶ ಮಾಡು. 0.4305 ಬಂದರೆ ಕ್ರಿಯೆಯನ್ನು ಸಮತೋಲನ ಮಾಡಿ ಬರೆದು ಮತ್ತೆ ಮಾಡು. ಹನ್ನೆರಡಕ್ಕೆ ಪೊಟ್ಯಾಸಿಯಂ ಕ್ಲೋರೈಡಿನ ಎರಡೂ ಸಾರತೆಗೆ ಮೋಲಾರ್ ವಾಹಕತೆ ತೆಗೆ.” ಎರಡು ದಿನ ಬಿಟ್ಟು ಆ ಎರಡು ಸಾಲುಗಳನ್ನಷ್ಟೇ ಹೊಸ ಚೀಟಿಯಲ್ಲಿ, ಹಳೆಯ ಹಾಳೆ ನೋಡದೆ, ನೀಲಿಯಲ್ಲಿ ಬರೆದು ಕಳಿಸಲು ಹೇಳಿ.