ನಕ್ಕ ಮೂರು ಗಂಟೆಗೆ ಬರುವ ದಣಿವು

ತುಮಕೂರಿನಲ್ಲಿ ನಮ್ಮ ದೊಡ್ಡಮ್ಮನ ಮಗಳ ಗೃಹಪ್ರವೇಶ. ಶನಿವಾರ ಬೆಳಿಗ್ಗೆ ನನ್ನ ಗಂಡ ಮುಖ ಸಪ್ಪಗೆ ಮಾಡಿಕೊಂಡೇ ಕಾರು ಹತ್ತಿದರು. ಅಲ್ಲಿಗೆ ಹೋದ ಮೇಲೆ ನೋಡಿದರೆ ಪಂಕ್ತಿಯಲ್ಲಿ ಪಲ್ಯ ಬಡಿಸಿದರು, ಭಾವನ ಜೊತೆ ಕೂತು ನಕ್ಕರು, ಊಟವಾದ ಮೇಲೆ ಮಕ್ಕಳಿಗೆ ಇಸ್ಪೀಟು ಹೇಳಿಕೊಟ್ಟರು. ಆರರ ಸುಮಾರಿಗೆ ಬೆಂಗಳೂರು ಸೇರಿದಾಗ ನನ್ನ ಗೆಳತಿಯ ಫೋನು: ರಾತ್ರಿ ಊಟಕ್ಕೆ ಬನ್ನಿ. ನಾನು ಹೂಂ ಅಂದೆ. ಅವರು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

"ಅಲ್ಲಿ ಚೆನ್ನಾಗೇ ನಗ್ತಿದ್ರಲ್ಲ, ಮನೆಗೆ ಬಂದ ತಕ್ಷಣ ಏನಾಯ್ತು?" ಅಂದೆ. ಆ ರಾತ್ರಿಯ ಜಗಳ ಶುರುವಾಗಿದ್ದು ಈ ಮಾತಿನಿಂದ.

ಅವರು ಅಂತರ್ಮುಖಿ, ನಾನು ಬಹಿರ್ಮುಖಿ. ಇದಕ್ಕೆ ಎಲ್ಲರೂ ಬ್ಯಾಟರಿಯ ಹೋಲಿಕೆ ಕೊಡುತ್ತಾರೆ: ಜನರ ನಡುವೆ ಒಬ್ಬರ ಬ್ಯಾಟರಿ ಇಳಿಯುತ್ತದೆ, ಇನ್ನೊಬ್ಬರದು ಏರುತ್ತದೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಹೆಲ್ಸಿಂಕಿಯ ಇಬ್ಬರು ಮನೋವಿಜ್ಞಾನಿಗಳು, ಸೋಯಿಂಟು ಲೇಯಿಕಾಸ್ ಮತ್ತು ವಿಲ್ಲೆ-ಯುಹಾನಿ ಇಲ್ಮಾರಿನೆನ್, ನಡೆಸಿದ ಅಧ್ಯಯನ ಬೇರೆಯದೇ ಚಿತ್ರ ಕೊಡುತ್ತದೆ. 48 ವಿದ್ಯಾರ್ಥಿಗಳು 12 ದಿನ, ದಿನಕ್ಕೆ ಐದು ಬಾರಿ, ತಾವು ಹೇಗೆ ನಡೆದುಕೊಂಡೆವು, ಮನಸ್ಸು ಹೇಗಿದೆ, ಎಷ್ಟು ದಣಿದಿದ್ದೇವೆ ಎಂದು ಬರೆದುಕೊಟ್ಟರು. ಕಲೆತು ಮಾತಾಡಿದ ಹೊತ್ತಿನಲ್ಲಿ ಮನಸ್ಸು ಗೆಲುವಾಗಿತ್ತು, ದಣಿವೂ ಕಡಿಮೆ. ಸುಮಾರು ಮೂರು ಗಂಟೆಯ ನಂತರ ದಣಿವು ಹೆಚ್ಚಿತ್ತು. ಸ್ವಭಾವದಿಂದ ಅಂತರ್ಮುಖಿಗಳಾದವರಲ್ಲೂ ಹೀಗೇ, ಬಹಿರ್ಮುಖಿಗಳಲ್ಲೂ ಹೀಗೇ. ಶ್ರದ್ಧೆಯಿಂದ ಕೆಲಸ ಮಾಡಿದ ಮೇಲೂ ಅದೇ ಬಗೆಯ ದಣಿವು ಕಂಡಿತು. ಪಂಕ್ತಿಯಲ್ಲಿ ಬಡಿಸುವುದು ಎಂದರೆ ಎರಡೂ ಒಟ್ಟಿಗೆ.

ಇದು ವಿದ್ಯಾರ್ಥಿಗಳ ಸಣ್ಣ ಗುಂಪು, ದಂಪತಿಗಳಲ್ಲ. ಆದರೂ ನಮ್ಮ ಜಗಳ ಹುಟ್ಟಿದ ಜಾಗ ನನಗೆ ಇಲ್ಲಿ ಕಂಡಿತು. ನಾನು ಸಾಕ್ಷಿಯಾಗಿ ಹಿಡಿದಿದ್ದು ಮಧ್ಯಾಹ್ನದ ನಗುವನ್ನು. ಆ ನಗು ಸುಳ್ಳಲ್ಲ, ಸಂಜೆಯ ಸುಸ್ತೂ ಸುಳ್ಳಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ನಾಟಕ ಅಂದುಬಿಟ್ಟಿದ್ದೆ.

ಬೆಳಗಿನ ಸಪ್ಪೆ ಮುಖಕ್ಕೂ ಒಂದು ವಿವರಣೆ ಇದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಝೆಲೆನ್‌ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಹಿರ್ಮುಖಿಯಂತೆ ನಡೆದುಕೊಂಡರೆ ಹೇಗನ್ನಿಸೀತು ಎಂದು ಮೊದಲೇ ಊಹಿಸಲು ಹೇಳಿದಾಗ, ಅಂತರ್ಮುಖಿಗಳು ಮುಜುಗರವನ್ನು ಇರುವುದಕ್ಕಿಂತ ಹೆಚ್ಚಾಗಿಯೇ ಅಂದಾಜು ಮಾಡಿದರು. ನನ್ನಂಥವರು ಇದನ್ನು ಓದಿ "ನೋಡಿ, ನಾನು ಹೇಳಿರಲಿಲ್ವಾ" ಎಂದು ಎಳೆದುಕೊಂಡು ಹೋಗಲು ಹೊರಟರೆ ತಪ್ಪಾಗುತ್ತದೆ. ಮೆಲ್ಬರ್ನಿನಲ್ಲಿ ಜನರಿಗೆ ಒಂದು ವಾರ ಪೂರ್ತಿ ಬಹಿರ್ಮುಖಿಯಂತೆ ಇರಲು ಹೇಳಿ ನೋಡಿದ್ದಾರೆ. ಸರಾಸರಿಯಲ್ಲಿ ಸಂತೋಷ ಹೆಚ್ಚಿತು. ತೀರ ಅಂತರ್ಮುಖಿಗಳಲ್ಲಿ ಆ ಲಾಭ ಕಡಿಮೆ, ದಣಿವು ಜಾಸ್ತಿ, ನಾನು ನಾನಾಗಿಲ್ಲ ಅನ್ನುವ ಕಸಿವಿಸಿಯೂ ಇತ್ತು. ಒಂದು ಗೃಹಪ್ರವೇಶ ಬೇರೆ, ಬಿಡುವಿಲ್ಲದ ವಾರ ಬೇರೆ.

ಹಾಗಾದರೆ ಮುಚ್ಚಿದ ಬಾಗಿಲಿನ ಹಿಂದೆ ಏನಾಗುತ್ತದೆ? ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಥೂಯ್-ವಿ ನ್ಯೂಯೆನ್ ಮತ್ತು ಸಂಗಡಿಗರು ಜನರನ್ನು 15 ನಿಮಿಷ ಒಂಟಿಯಾಗಿ ಕೂರಿಸಿದರು. ಉದ್ವೇಗ ಇಳಿಯಿತು, ಜೊತೆಗೆ ಉತ್ಸಾಹವೂ ಇಳಿಯಿತು. ಹಾಲಿನ ಕೆಳಗಿನ ಉರಿ ತಗ್ಗಿಸಿದ ಹಾಗೆ. ತಾನೇ ಬಯಸಿ ಒಂಟಿಯಾಗಿದ್ದರೆ ಅದು ನೆಮ್ಮದಿಯ ಕಡೆ ತಿರುಗುತ್ತದೆ. ರೂಮಿನಿಂದ ಹೊರಬಂದವರ ಮುಖದಲ್ಲಿ ಲವಲವಿಕೆ ಕಾಣದಿದ್ದರೆ ನಾನು ಮುನಿಸು ಅಂದುಕೊಳ್ಳುತ್ತಿದ್ದೆ. ಅದು ತಣಿದ ಮುಖ, ಅಷ್ಟೇ. ಬಾಗಿಲು ತಟ್ಟಿ ತಟ್ಟಿ ಕೇಳಿದಷ್ಟೂ ಅವರು ಇನ್ನಷ್ಟು ಒಳಗೆ ಸರಿಯುತ್ತಿದ್ದರು, ನಾನು ಇನ್ನಷ್ಟು ತಟ್ಟುತ್ತಿದ್ದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಹೋಗುವ ಹಲವು ದಿನ ಮೊದಲೇ ಎದೆ ಢವಢವ, ಜನ ಏನಂದುಕೊಳ್ಳುತ್ತಾರೋ ಎಂಬ ಭಯ, ಬಂದ ಮೇಲೆ ಆಡಿದ ಒಂದೊಂದು ಮಾತನ್ನೂ ಕೆದಕಿ ಕೊರಗುವುದು, ಹೋಗಬೇಕು ಅಂತ ಆಸೆಯಿದ್ದರೂ ಹೋಗಲಾಗದಿರುವುದು ಕಂಡರೆ ಅದು ಅಂತರ್ಮುಖತೆ ಅಲ್ಲ, ಸಾಮಾಜಿಕ ಆತಂಕ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ವೈದ್ಯರನ್ನು ಕಾಣಬೇಕು. ನನ್ನ ಗಂಡನಿಗೆ ಭಯವಿಲ್ಲ, ಸುಸ್ತಾಗುತ್ತದೆ.

ಈಗ ನಮ್ಮಲ್ಲಿ ಒಂದೇ ದಿನ ಎರಡು ಕಡೆ ಒಪ್ಪಿಕೊಳ್ಳುವುದಿಲ್ಲ. ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಮನೆಯಲ್ಲೇ ಮಾತಾಗಿರುತ್ತದೆ. ಅವರು ರೂಮಿಗೆ ಹೋಗುವಾಗ "ಏಳೂವರೆಗೆ ಕಾಫಿಗೆ ಬರ್ತೀನಿ" ಅಂತ ಹೇಳಿ ಹೋಗುತ್ತಾರೆ. ಆ ಒಂದು ಮಾತಿದ್ದರೆ ಬಾಗಿಲು ಮುಚ್ಚಿದ್ದು ನನ್ನ ಮೇಲಲ್ಲ ಎಂದು ನನಗೂ ಗೊತ್ತಿರುತ್ತದೆ. ಮುಂದಿನ ತಿಂಗಳು ನಮ್ಮ ಸೋದರಮಾವನ ಮಗನ ಮದುವೆ. ಆರತಕ್ಷತೆಗೆ ನಾನು ಶನಿವಾರ ಸಂಜೆಯೇ ಹೋಗಿ ಅಲ್ಲೇ ಉಳಿಯುತ್ತೇನೆ. ಅವರು ಭಾನುವಾರ ಬೆಳಿಗ್ಗೆ ಮುಹೂರ್ತಕ್ಕೆ ಬರುತ್ತಾರೆ.