ಸರಕಿನ ಬೆಲೆ ನಿಂತಲ್ಲೇ ನಿಂತಿತು, ಸಾಲ ಮಾತ್ರ ಏರಿತು

ಯೂರೋದಲ್ಲಿ ಲೆಕ್ಕ ಇಡುವ ಒಂದು ಕಂಪನಿ ಡಿಸೆಂಬರ್‌ನಲ್ಲಿ 10,000 ಡಾಲರ್ ಸರಕನ್ನು ಸಾಲಕ್ಕೆ ತರಿಸಿತು ಅಂದುಕೊಳ್ಳಿ. ಇನ್‌ವಾಯ್ಸ್ ದಿನ ಒಂದು ಡಾಲರ್‌ಗೆ 0.90 ಯೂರೋ. ಪುಸ್ತಕದಲ್ಲಿ ಖರೀದಿ 9,000, ಬಾಕಿಯೂ 9,000. ಜನವರಿಯಲ್ಲಿ ಹಣ ಕಟ್ಟುವಾಗ ದರ 0.91 ಆಗಿತ್ತು. ಕೈಬಿಟ್ಟು ಹೋಗಿದ್ದು 9,100. ಈ ಜಾಸ್ತಿ 100 ಯೂರೋವನ್ನು ಸರಕಿನ ಬೆಲೆಗೆ ಸೇರಿಸಬೇಕಾ, ನಷ್ಟ ಅಂತ ಬೇರೆ ಬರೆಯಬೇಕಾ?

ಬಹಳ ಕಾಲ ಈ ಪ್ರಶ್ನೆ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. 1944ರ ಬ್ರೆಟನ್ ವುಡ್ಸ್ ಒಪ್ಪಂದದ ಪ್ರಕಾರ ಡಾಲರ್ ಎದುರು ನಿಗದಿಯಾದ ದರ ಶೇ. 1ಕ್ಕಿಂತ ಆಚೀಚೆ ಹೋಗುವ ಹಾಗಿರಲಿಲ್ಲ. 1967ರಲ್ಲಿ ಬ್ರಿಟಿಷ್ ಪೌಂಡ್ 2.80 ಡಾಲರ್‌ನಿಂದ 2.40ಕ್ಕೆ ಇಳಿದಂಥ ಹೊಡೆತಗಳು ಅಪರೂಪಕ್ಕೆ ಬೀಳುತ್ತಿದ್ದವು. 1971ರ ಆಗಸ್ಟ್‌ನಲ್ಲಿ ಅಮೆರಿಕ ಡಾಲರ್‌ಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. 1973ರ ಹೊತ್ತಿಗೆ ದೊಡ್ಡ ಕರೆನ್ಸಿಗಳ ದರ ದಿನದಿನಕ್ಕೂ ಬದಲಾಗತೊಡಗಿತು. ಆಮೇಲೆ ಸಾಲದ ಪ್ರತಿ ಬಿಲ್ಲಿಗೂ ಇದೇ ತಕರಾರು.

ಖರೀದಿ ಮತ್ತು ಪಾವತಿ ಒಂದೇ ವ್ಯವಹಾರ, ಕೊನೆಗೆ ಕೊಟ್ಟಿದ್ದೇ ಬೆಲೆ ಅಂತ ಒಂದು ಪಕ್ಷ ಹೇಳಿತು. ಸರಕು ಕೊಂಡಿದ್ದು ಒಂದು, ಡಾಲರ್ ಸಾಲ ಉಳಿಸಿಕೊಂಡಿದ್ದು ಇನ್ನೊಂದು ಅಂತ ಮತ್ತೊಂದು ಪಕ್ಷ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಇನ್‌ವಾಯ್ಸ್ ದಿನವೇ ಹಣ ಕಟ್ಟಿದ್ದರೆ 9,000ಕ್ಕೆ ಮುಗಿಯುತ್ತಿತ್ತು, ಅಲ್ವಾ? ಜಾಸ್ತಿ ಹೋದದ್ದು ಕಾದಿದ್ದಕ್ಕೆ, ಸರಕಿಗಲ್ಲ.

ಅಮೆರಿಕದ ಲೆಕ್ಕಪತ್ರ ಮಂಡಳಿ 1975ರಲ್ಲಿ ಈ ಎರಡನೇ ದಾರಿಯನ್ನೇ ಹಿಡಿಯಿತು. 1983ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಎಸ್ 21, 1993ರಲ್ಲಿ ಪರಿಷ್ಕರಣೆಯಾದಾಗಲೂ ಒಂದು ಕಿಂಡಿ ಬಿಟ್ಟಿತ್ತು. ಕರೆನ್ಸಿ ವಿಪರೀತ ಕುಸಿದು, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದಿದ್ದರೆ, ಹೊಸದಾಗಿ ಕೊಂಡ ಆಸ್ತಿಯ ಬೆಲೆಗೆ ಆ ನಷ್ಟವನ್ನು ಸೇರಿಸಬಹುದಿತ್ತು. 2003ರಲ್ಲಿ ಆ ಕಿಂಡಿಯೂ ಮುಚ್ಚಿತು.

ಜನ ಎಡವುವುದು ವರ್ಷದ ಕೊನೆಯಲ್ಲಿ. ನಮ್ಮ ಕಂಪನಿ ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸುತ್ತದೆ, ಆ ದಿನದ ದರ 0.92 ಅಂತಿಟ್ಟುಕೊಳ್ಳಿ. ಬಾಕಿಯನ್ನು 9,200 ಮಾಡಿ, 200 ಯೂರೋ ನಷ್ಟವನ್ನು ಹಳೇ ವರ್ಷಕ್ಕೇ ಹಾಕಬೇಕು. ಜನವರಿಯಲ್ಲಿ 9,100 ಕಟ್ಟಿದಾಗ ಹೊಸ ವರ್ಷಕ್ಕೆ 100 ಯೂರೋ ಲಾಭ. ಒಟ್ಟು ನಷ್ಟ 100 ಯೂರೋನೇ, ಆದರೆ ಎರಡು ವರ್ಷಕ್ಕೆ ಹಂಚಿಹೋಯಿತು. ಸ್ಟಾಕ್ ಮಾತ್ರ 9,000ದಲ್ಲೇ ಉಳಿಯುತ್ತದೆ. ಅದನ್ನು ಹೊಸ ದರಕ್ಕೆ ಬದಲಿಸುವ ಹಾಗಿಲ್ಲ.

ತಪ್ಪು ಹಿಡಿಯಲು ಪೂರೈಕೆದಾರರ ಖಾತೆ ತೆರೆದು ನೋಡಿ. ಡಾಲರ್ ಬಾಕಿ ಸೊನ್ನೆಯಾಗಿದ್ದೂ ಯೂರೋ ಕಡೆ ಚಿಲ್ಲರೆ ಮೊತ್ತ ಸುಮ್ನೆ ಕೂತಿದ್ದರೆ, ವಿನಿಮಯ ವ್ಯತ್ಯಾಸದ ನಮೂದು ಬಿಟ್ಟುಹೋಗಿದೆ ಅಂತಲೇ ಮೊದಲು ಅನುಮಾನಿಸಬೇಕು.